ಅಂಗಳಕ್ಕೆ ಬಂದ ಹಣವೆಲ್ಲ ಕೊಳ್ಳಲೆಂದೇ ಬಂತೇ?

2025ರ ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ ಯುಎಸ್‌ಡಿ1 ಎಂಬ ಹೊಸ ಸ್ಟೇಬಲ್‌ಕಾಯಿನ್‌ನ ಒಟ್ಟು ಪ್ರಮಾಣ ಇದ್ದಕ್ಕಿದ್ದಂತೆ 200 ಕೋಟಿ ಡಾಲರ್ ದಾಟಿತು. ಆ ಕಾಯಿನ್ ಹುಟ್ಟಿ ಆಗಿನ್ನೂ ಕೆಲವೇ ವಾರಗಳಾಗಿದ್ದವು. ಹೊರಬಂದ ಮೊತ್ತದ ಬಹುಪಾಲು ಜಗತ್ತಿನ ಅತಿ ದೊಡ್ಡ ಕ್ರಿಪ್ಟೊ ಎಕ್ಸ್‌ಚೇಂಜ್ ಆದ ಬೈನಾನ್ಸ್‌ನ ವಿಳಾಸಗಳಲ್ಲಿ ಕಾಣಿಸಿಕೊಂಡಿತು. ಕ್ರಿಪ್ಟೊ ಪೇಟೆಯನ್ನು ಗಮನಿಸುವವರು ಇಂಥ ಹರಿವಿಗಾಗಿಯೇ ಕಾದಿರುತ್ತಾರೆ. ಎಕ್ಸ್‌ಚೇಂಜ್‌ಗೆ ಸ್ಟೇಬಲ್‌ಕಾಯಿನ್ ಬಂತೆಂದರೆ ಕೊಳ್ಳುವವರು ಬಂದರು, ಇನ್ನು ಬಿಟ್‌ಕಾಯಿನ್ ಬೆಲೆ ಏರಬೇಕು ಎಂಬುದು ಅವರ ಹಳೆಯ ಲೆಕ್ಕ.

ಮೇ 1ರಂದು ದುಬೈನ ಸಮಾವೇಶವೊಂದರಲ್ಲಿ ವಿಷಯ ಹೊರಬಿತ್ತು. ಅಬುಧಾಬಿಯ ಹೂಡಿಕೆ ಸಂಸ್ಥೆ ಎಂಜಿಎಕ್ಸ್, ಬೈನಾನ್ಸ್ ಕಂಪನಿಯಲ್ಲೇ ಪಾಲು ಕೊಳ್ಳಲು 200 ಕೋಟಿ ಡಾಲರ್ ಕೊಡುವುದಾಗಿ ಮಾರ್ಚ್‌ನಲ್ಲೇ ಪ್ರಕಟವಾಗಿತ್ತು. ಆ ಪಾವತಿಗೆ ಬಳಸಿಕೊಂಡದ್ದು ಯುಎಸ್‌ಡಿ1. ಟ್ರಂಪ್ ಕುಟುಂಬದ ನಂಟಿರುವ ವರ್ಲ್ಡ್ ಲಿಬರ್ಟಿ ಫೈನಾನ್ಷಿಯಲ್ ಎಂಬ ಸಂಸ್ಥೆಯ ಕಾಯಿನ್ ಅದು. ಎಂದರೆ ಎಕ್ಸ್‌ಚೇಂಜ್‌ಗೆ ಬಂದದ್ದು ಕಂಪನಿಯ ಷೇರಿಗೆ ತೆತ್ತ ದುಡ್ಡು. ಅದರಿಂದ ಬಿಟ್‌ಕಾಯಿನ್ ಕೊಳ್ಳುವ ಉದ್ದೇಶ ಯಾರಿಗೂ ಇರಲಿಲ್ಲ. ಸ್ಟೇಬಲ್‌ಕಾಯಿನ್ ಶೇಖರಣೆಯನ್ನು ಕೂಡಿಸುವ ಯಂತ್ರಕ್ಕೆ ಮಾತ್ರ ಈ 200 ಕೋಟಿಯೂ ಉಳಿದ ಹಣದಂತೆಯೇ ಕಾಣುತ್ತದೆ.

ಈ ಅಳತೆಗೋಲು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದನ್ನು ತಿಳಿಯಬೇಕಾದರೆ ಕಾಯಿನ್‌ನಿಂದಲೇ ಶುರು ಮಾಡಬೇಕು. ಒಂದು ಡಾಲರ್‌ಗೆ ಒಂದರಂತೆ ಬೆಲೆ ಕಾಯ್ದುಕೊಳ್ಳುವ ಡಿಜಿಟಲ್ ಟೋಕನ್‌ಗೆ ಸ್ಟೇಬಲ್‌ಕಾಯಿನ್ ಎನ್ನುತ್ತಾರೆ. 2014ರಲ್ಲಿ ಶುರುವಾದ ಟೆದರ್ ಕಂಪನಿಯ ಯುಎಸ್‌ಡಿಟಿ ಇವುಗಳಲ್ಲಿ ಅತಿ ದೊಡ್ಡದು. 2018ರಲ್ಲಿ ಸರ್ಕಲ್ ಮತ್ತು ಕಾಯಿನ್‌ಬೇಸ್ ಕಂಪನಿಗಳು ಸೇರಿ ತಂದ ಯುಎಸ್‌ಡಿಸಿ ಎರಡನೆಯದು. ದೊಡ್ಡ ಗಿರಾಕಿಯೊಬ್ಬರು ಕಂಪನಿಗೆ ಒಂದು ಕೋಟಿ ಡಾಲರ್ ಕೊಟ್ಟರೆ ಕಂಪನಿ ಒಂದು ಕೋಟಿ ಟೋಕನ್ ಸೃಷ್ಟಿಸಿ ಕೊಡುತ್ತದೆ. ಬಂದ ಡಾಲರ್‌ಗಳನ್ನು ಬ್ಯಾಂಕ್ ಠೇವಣಿ, ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರ ಮುಂತಾದವುಗಳಲ್ಲಿ ಇಡುತ್ತದೆ. ಟೋಕನ್ ಹಿಂದಿರುಗಿಸಿದರೆ ಡಾಲರ್ ವಾಪಸು, ಟೋಕನ್ ರದ್ದು.

ವಾರದ ಏಳು ದಿನವೂ ಹಗಲಿರುಳೂ ನಡೆಯುವ ಕ್ರಿಪ್ಟೊ ಪೇಟೆಗೆ ಬ್ಯಾಂಕಿನ ಸಮಯ ಹೊಂದುವುದಿಲ್ಲ. ಅದಕ್ಕೇ ಅಲ್ಲಿ ನಗದಿನ ಕೆಲಸವನ್ನು ಈ ಟೋಕನ್‌ಗಳೇ ಮಾಡುತ್ತವೆ. ಬಿಟ್‌ಕಾಯಿನ್ ಬೆಲೆಯನ್ನು ಯುಎಸ್‌ಡಿಟಿಯಲ್ಲಿ ಕೂಗುತ್ತಾರೆ; ಮಾರಿದವರು ಯುಎಸ್‌ಡಿಟಿ ಪಡೆಯುತ್ತಾರೆ, ಕೊಳ್ಳುವವರು ಯುಎಸ್‌ಡಿಟಿ ತೆರುತ್ತಾರೆ. ಇಲ್ಲಿಂದ ಸಹಜವಾದ ಒಂದು ಊಹೆ ಹುಟ್ಟುತ್ತದೆ. ತನ್ನ ಸ್ವಂತ ವಾಲೆಟ್‌ನಲ್ಲಿ ಟೋಕನ್ ಇಟ್ಟುಕೊಂಡವನು ಅದನ್ನು ಎಕ್ಸ್‌ಚೇಂಜ್‌ಗೆ ಕಳಿಸುತ್ತಾನೆಂದರೆ ಏನನ್ನೋ ಕೊಳ್ಳಲು ಹೊರಟಿದ್ದಾನೆ. ಹಾಗೆಯೇ ಬಿಟ್‌ಕಾಯಿನ್ ಅನ್ನೇ ಎಕ್ಸ್‌ಚೇಂಜ್‌ಗೆ ಕಳಿಸುವವನು ಮಾರಲು ಹೊರಟಿದ್ದಾನೆ. ದಕ್ಷಿಣ ಕೊರಿಯಾದ ಕ್ರಿಪ್ಟೊಕ್ವಾಂಟ್, ಗ್ಲಾಸ್‌ನೋಡ್ ಮುಂತಾದ ಮಾಹಿತಿ ಸಂಸ್ಥೆಗಳು ದಿನದಿನವೂ ಪ್ರಕಟಿಸುವ ಹಲವು ನಕ್ಷೆಗಳು ಈ ಊಹೆಯ ಮೇಲೆ ನಿಂತಿವೆ.

ಈ ನಕ್ಷೆಗಳನ್ನು ಕಟ್ಟುವ ಬಗೆ ಸ್ವಾರಸ್ಯದ್ದು. ಬ್ಲಾಕ್‌ಚೈನ್‌ನ ಲೆಕ್ಕಪುಸ್ತಕ ಎಲ್ಲರಿಗೂ ತೆರೆದಿದೆ, ಆದರೆ ಅದರಲ್ಲಿ ಹೆಸರುಗಳಿಲ್ಲ, ಉದ್ದನೆಯ ವಿಳಾಸಗಳಷ್ಟೇ ಇವೆ. ಯಾವ ವಿಳಾಸ ಬೈನಾನ್ಸ್‌ನದು, ಯಾವುದು ಸಾಮಾನ್ಯ ವ್ಯಕ್ತಿಯದು ಎಂದು ಯಾರಾದರೂ ಪತ್ತೆ ಮಾಡಬೇಕು. ಎಕ್ಸ್‌ಚೇಂಜ್ ತನ್ನ ಪ್ರತಿ ಗಿರಾಕಿಗೂ ಹಣ ಜಮಾ ಮಾಡಲು ಒಂದು ಪ್ರತ್ಯೇಕ ವಿಳಾಸ ಕೊಡುತ್ತದೆ. ಗಿರಾಕಿ ಅಲ್ಲಿಗೆ ಯುಎಸ್‌ಡಿಟಿ ಕಳಿಸಿದ ಮೇಲೆ ಎಕ್ಸ್‌ಚೇಂಜ್ ಆ ಮೊತ್ತವನ್ನು ತನ್ನ ದೊಡ್ಡ ವಾಲೆಟ್‌ಗೆ ಗುಡಿಸಿಕೊಳ್ಳಬೇಕು. ಇಥೀರಿಯಂ ಜಾಲದಲ್ಲಿ ಟೋಕನ್ ಸಾಗಿಸಲು ಶುಲ್ಕವಾಗಿ ಈಥರ್ ಬೇಕು, ಆದರೆ ಜಮಾ ವಿಳಾಸದಲ್ಲಿ ಅದು ಇರುವುದಿಲ್ಲ. ಹಾಗಾಗಿ ಎಕ್ಸ್‌ಚೇಂಜ್ ಮೊದಲು ಚಿಟಿಕೆಯಷ್ಟು ಈಥರ್ ಕಳಿಸಿ, ಬೆನ್ನಿಗೇ ಟೋಕನ್‌ಗಳನ್ನು ಎತ್ತಿಕೊಳ್ಳುತ್ತದೆ. ಸಾವಿರಾರು ವಿಳಾಸಗಳು ಒಂದೇ ಕಡೆಯಿಂದ ಚಿಟಿಕೆ ಈಥರ್ ಪಡೆದು ಒಂದೇ ವಾಲೆಟ್‌ಗೆ ಖಾಲಿಯಾಗುತ್ತಿದ್ದರೆ, ಅವೆಲ್ಲ ಒಂದೇ ಎಕ್ಸ್‌ಚೇಂಜ್‌ನ ಜಮಾ ವಿಳಾಸಗಳೆಂದು ಮಾಹಿತಿ ಸಂಸ್ಥೆಗಳು ಗುರುತು ಹಾಕಿಕೊಳ್ಳುತ್ತವೆ. ಆಮೇಲಿನದು ಸುಲಭದ ಕೂಡು-ಕಳೆ: ಹೊರಗಿನಿಂದ ಈ ಗುಂಪಿಗೆ ಬಂದದ್ದು ಒಳಹರಿವು, ಗುಂಪಿನಿಂದ ಹೊರಗೆ ಹೋದದ್ದು ಹೊರಹರಿವು, ಎರಡರ ವ್ಯತ್ಯಾಸ ನಿವ್ವಳ ಹರಿವು, ಉಳಿದದ್ದು ಶೇಖರಣೆ.

ಮೊತ್ತವನ್ನು ಪೇಟೆಯ ಗಾತ್ರಕ್ಕೆ ಹೋಲಿಸಿ ನೋಡುವುದೂ ಅಗತ್ಯ. 2020ರ ಆರಂಭದಲ್ಲಿ ಎಲ್ಲ ಬಿಟ್‌ಕಾಯಿನ್‌ಗಳ ಒಟ್ಟು ಬೆಲೆ ಸುಮಾರು 13,000 ಕೋಟಿ ಡಾಲರ್ ಇತ್ತು. 2025ರಲ್ಲಿ ಅದು 2 ಲಕ್ಷ ಕೋಟಿ ಡಾಲರ್ ದಾಟಿತು. ಅಂದು 100 ಕೋಟಿ ಡಾಲರ್ ಒಳಬಂದರೆ ಪೇಟೆ ಅಲುಗಾಡುತ್ತಿತ್ತು, ಇಂದು ಅಷ್ಟೇ ಮೊತ್ತ ಯಾರ ಕಣ್ಣಿಗೂ ಬೀಳದೆ ಕರಗಿಹೋಗಬಹುದು. ಅದಕ್ಕೇ ತಿಳಿದವರು ಬರೀ ಮೊತ್ತವನ್ನು ಬಿಟ್ಟು, ಬಿಟ್‌ಕಾಯಿನ್‌ನ ಒಟ್ಟು ಬೆಲೆಯನ್ನು ಸ್ಟೇಬಲ್‌ಕಾಯಿನ್‌ಗಳ ಒಟ್ಟು ಮೊತ್ತದಿಂದ ಭಾಗಿಸಿ ಬರುವ ಅನುಪಾತವನ್ನು ನೋಡುತ್ತಾರೆ. ಅನುಪಾತ ಇಳಿದಷ್ಟೂ ಬಿಟ್‌ಕಾಯಿನ್‌ಗೆ ಎದುರಾಗಿ ಹೆಚ್ಚು ಹಣ ನಿಂತಿದೆ ಎಂದರ್ಥ.

ಈ ಅಳತೆಗೆ ಹೆಸರು ತಂದುಕೊಟ್ಟದ್ದು 2020 ಮತ್ತು 2021ರ ಏರಿಕೆ. 2020ರ ಆರಂಭದಲ್ಲಿ ಸುಮಾರು 400 ಕೋಟಿ ಡಾಲರ್ ಇದ್ದ ಯುಎಸ್‌ಡಿಟಿ ಆ ವರ್ಷದ ಕೊನೆಗೆ 2,000 ಕೋಟಿಯ ಆಸುಪಾಸಿಗೂ, 2021ರ ಕೊನೆಗೆ 7,800 ಕೋಟಿಯ ಹತ್ತಿರಕ್ಕೂ ಬೆಳೆಯಿತು. ಅದೇ ಅವಧಿಯಲ್ಲಿ ಬಿಟ್‌ಕಾಯಿನ್ 7,200 ಡಾಲರ್‌ನಿಂದ ಹೊರಟು 2021ರ ನವೆಂಬರ್‌ನಲ್ಲಿ 69,000ದ ಹತ್ತಿರಕ್ಕೆ ಹೋಯಿತು. ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದವರಿಗೆ ಮತ್ಯಾವ ಪುರಾವೆಯೂ ಬೇಡವೆನಿಸಿತು.

ಆದರೆ ಹಣ ಬಂದದ್ದರಿಂದ ಬೆಲೆ ಏರಿತೇ, ಬೆಲೆ ಏರಿದ್ದರಿಂದ ಹಣ ಬಂತೇ? ಈ ಪ್ರಶ್ನೆಯ ಮೇಲೆ ವಿದ್ವಾಂಸರಲ್ಲಿ ಗಂಭೀರವಾದ ಜಗಳವೇ ನಡೆದಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗ್ರಿಫಿನ್ ಮತ್ತು ಅಮಿನ್ ಶಮ್ಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2017ರ ಏರಿಕೆಯನ್ನು ಪರಿಶೀಲಿಸಿದರು. ಬಿಟ್‌ಕಾಯಿನ್ ಬೆಲೆ ಕುಸಿದ ಹೊತ್ತಿನಲ್ಲೇ ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜ್‌ನ ಒಂದು ದೊಡ್ಡ ಖಾತೆಯಿಂದ ಟೆದರ್ ಹರಿದು ಬೆಲೆಯನ್ನು ಎತ್ತಿಹಿಡಿಯುತ್ತಿತ್ತು ಎಂಬುದು ಅವರ ವಾದ. ಟೆದರ್ ಅದನ್ನು ಅಲ್ಲಗಳೆಯಿತು. ರಿಚರ್ಡ್ ಲಯನ್ಸ್ ಮತ್ತು ಗಣೇಶ್ ವಿಶ್ವನಾಥ್ ನಟರಾಜ್ ಇನ್ನೊಂದು ಅಧ್ಯಯನದಲ್ಲಿ ಬೇರೆಯದೇ ತೀರ್ಮಾನಕ್ಕೆ ಬಂದರು. ಹೊಸ ಸ್ಟೇಬಲ್‌ಕಾಯಿನ್ ಬಿಡುಗಡೆ ಕ್ರಿಪ್ಟೊ ಬೆಲೆಗಳನ್ನು ಏರಿಸುತ್ತದೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಟೋಕನ್‌ಗೆ ಬೇಡಿಕೆ ಹೆಚ್ಚಿ ಅದರ ಬೆಲೆ ಒಂದು ಡಾಲರ್‌ಗಿಂತ ಕೊಂಚ ಮೇಲೇರಿದಾಗ, ಆ ವ್ಯತ್ಯಾಸದ ಲಾಭಕ್ಕಾಗಿ ವ್ಯಾಪಾರಿಗಳು ಹೊಸ ಟೋಕನ್ ಮಾಡಿಸಿಕೊಳ್ಳುತ್ತಾರೆ. ಬೇಡಿಕೆಯೇ ಮುಂದೆ, ಬಿಡುಗಡೆ ಅದರ ಹಿಂದೆ ಎಂದು ಅವರು ತೋರಿಸಿದರು. ಎಲ್ಲ ಕಾಲಕ್ಕೂ ಹೊಂದುವ ಕಾರಣ-ಪರಿಣಾಮದ ಸೂತ್ರ ಇಲ್ಲಿ ಇಲ್ಲವೆಂಬುದಕ್ಕೆ ಈ ಎರಡು ಅಧ್ಯಯನಗಳ ಅಂತರವೇ ಸಾಕು.

ಈ ಅಳತೆಯಲ್ಲಿ ಇನ್ನೂ ಮೂಲಭೂತವಾದ ತೊಡಕೊಂದಿದೆ. ಅದನ್ನು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಚೆನ್ನಾಗಿ ಕಾಣಬಹುದು. ಬೆಳಿಗ್ಗೆ ಖರೀದಿದಾರರು ಹತ್ತು ಲಕ್ಷ ರೂಪಾಯಿ ನಗದು ಹಿಡಿದು ಮಂಡಿಗೆ ಬಂದರೆನ್ನಿ. ಮಧ್ಯಾಹ್ನದ ಹೊತ್ತಿಗೆ ಅಷ್ಟಕ್ಕೂ ಅಡಿಕೆ ಕೊಂಡಾಯಿತು. ಈಗ ಅಂಗಳದಲ್ಲಿರುವ ನಗದನ್ನು ಎಣಿಸಿದರೆ ಸಿಗುವುದು ಅದೇ ಹತ್ತು ಲಕ್ಷ. ಬೆಳಿಗ್ಗೆ ಅದು ಕೊಳ್ಳುವವನ ಜೇಬಿನಲ್ಲಿತ್ತು, ಈಗ ಮಾರಿದ ಬೆಳೆಗಾರನ ಜೇಬಿನಲ್ಲಿದೆ. ಬೆಳೆಗಾರ ಊರಿನ ಬಸ್ಸು ಹತ್ತುವವರೆಗೂ ಎಣಿಕೆ ಬದಲಾಗುವುದಿಲ್ಲ.

ಎಕ್ಸ್‌ಚೇಂಜ್‌ನಲ್ಲಿ ಆಗುವುದೂ ಇದೇ. ಒಬ್ಬರು ಒಂದು ಲಕ್ಷ ಯುಎಸ್‌ಡಿಟಿ ಕೊಟ್ಟು ಬಿಟ್‌ಕಾಯಿನ್ ಕೊಂಡರೆ ಆ ಟೋಕನ್‌ಗಳು ಮಾರಿದವರ ಖಾತೆಗೆ ಹೋಗುತ್ತವೆ. ಈ ಬದಲಾವಣೆ ನಡೆಯುವುದು ಎಕ್ಸ್‌ಚೇಂಜ್‌ನ ಒಳಗಿನ ಖಾತೆಪುಸ್ತಕದಲ್ಲಿ; ಬ್ಲಾಕ್‌ಚೈನ್ ಮೇಲೆ ಒಂದು ಗುರುತೂ ಬೀಳುವುದಿಲ್ಲ. ಶೇಖರಣೆ ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಆದ್ದರಿಂದ ದೊಡ್ಡ ಶೇಖರಣೆ ಎಂಬುದು ಕೊಳ್ಳಲು ಕಾದಿರುವ ಹಣವಾಗಿರಬಹುದು, ಆಗಲೇ ಮಾರಿ ಮುಗಿಸಿ ಸುಮ್ಮನೆ ಕೂತವರ ಹಣವೂ ಆಗಿರಬಹುದು. ಭಯದಿಂದ ಬಿಟ್‌ಕಾಯಿನ್ ಮಾರಿದವನಿಗೆ ಮತ್ತೆ ಕೊಳ್ಳುವ ಶಕ್ತಿಯೇನೋ ಇದೆ, ಮನಸ್ಸಿಲ್ಲ. ನಕ್ಷೆಗೆ ಕಾಣುವುದು ಶಕ್ತಿ ಮಾತ್ರ.

ಒಳಗೆ ಬಂದ ಹಣ ಬಿಟ್‌ಕಾಯಿನ್‌ನ ವಿರುದ್ಧವೂ ದುಡಿಯಬಹುದು ಎಂಬುದು ಇನ್ನೊಂದು ಸಂಗತಿ. ಬೈನಾನ್ಸ್ 2019ರಲ್ಲಿ ಯುಎಸ್‌ಡಿಟಿಯನ್ನೇ ಮಾರ್ಜಿನ್ ಆಗಿ ಇಟ್ಟುಕೊಳ್ಳುವ ಫ್ಯೂಚರ್ಸ್ ವಹಿವಾಟು ಶುರು ಮಾಡಿತು. ಇಂದು ಫ್ಯೂಚರ್ಸ್‌ನ ಬಹುಪಾಲು ಈ ಬಗೆಯದು. 100 ಯುಎಸ್‌ಡಿಟಿ ಇಟ್ಟು ಹತ್ತು ಪಟ್ಟು ಸಾಲದ ಬಲದಲ್ಲಿ 1,000 ಡಾಲರ್‌ನಷ್ಟು ಬಿಟ್‌ಕಾಯಿನ್ ಏರುತ್ತದೆಂದು ಪಂಥ ಕಟ್ಟಬಹುದು. ಅದೇ 100 ಯುಎಸ್‌ಡಿಟಿ ಇಟ್ಟು ಬೆಲೆ ಇಳಿಯುತ್ತದೆಂದೂ ಪಂಥ ಕಟ್ಟಬಹುದು. ಬೆಲೆ ಕುಸಿಯುತ್ತಿರುವ ದಿನ, ಏರಿಕೆಯ ಪಂಥ ಕಟ್ಟಿದವರು ಅದು ಮುಳುಗದಂತೆ ಹೆಚ್ಚುವರಿ ಮಾರ್ಜಿನ್ ತುಂಬಲು ತರಾತುರಿಯಲ್ಲಿ ಯುಎಸ್‌ಡಿಟಿ ಕಳಿಸುತ್ತಾರೆ. ಆ ದಿನದ ಒಳಹರಿವು ಸಂಕಟದ ಗುರುತು.

ಇವೆಲ್ಲವೂ ಒಂದೇ ಕಡೆ ಹೆಣೆದುಕೊಂಡದ್ದನ್ನು ನೋಡಲು 2023ರ ಮಾರ್ಚ್ ತಿಂಗಳ ಒಂದು ವಾರಾಂತ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮಾರ್ಚ್ 10, ಶುಕ್ರವಾರ. ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಅನ್ನು ಅಧಿಕಾರಿಗಳು ಮುಚ್ಚಿದರು. ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಕಂಪನಿಯ ಹಣ ಆ ಬ್ಯಾಂಕಿನಲ್ಲಿದೆ ಎಂಬುದು ಗೊತ್ತಿತ್ತು, ಎಷ್ಟು ಎಂಬುದು ಗೊತ್ತಿರಲಿಲ್ಲ. ಅಂದು ರಾತ್ರಿ ಕಂಪನಿ ಬಾಯಿಬಿಟ್ಟಿತು: ಸುಮಾರು 4,000 ಕೋಟಿ ಡಾಲರ್ ಮೀಸಲಿನಲ್ಲಿ 330 ಕೋಟಿ ಅಲ್ಲಿ ಸಿಕ್ಕಿಬಿದ್ದಿದೆ. ಭಾರತದಲ್ಲಿ ಆಗ ಶನಿವಾರದ ಬೆಳಗು. ಅಮೆರಿಕದ ಬ್ಯಾಂಕುಗಳು ಸೋಮವಾರದವರೆಗೆ ತೆರೆಯುವುದಿಲ್ಲ, ಟೋಕನ್ ಕೊಟ್ಟು ಡಾಲರ್ ಪಡೆಯುವ ದಾರಿ ಮುಚ್ಚಿದೆ. ಕಾಯಿನ್‌ಬೇಸ್ ಕೂಡ ವಾರಾಂತ್ಯದಲ್ಲಿ ಯುಎಸ್‌ಡಿಸಿಯನ್ನು ಡಾಲರ್‌ಗೆ ಬದಲಿಸಿಕೊಡುವುದನ್ನು ನಿಲ್ಲಿಸಿತು.

ಬೈನಾನ್ಸ್‌ನಲ್ಲಿ ಮಾತ್ರ ಒಂದು ಕಿಂಡಿ ತೆರೆದಿತ್ತು. 2022ರ ಸೆಪ್ಟೆಂಬರ್ ಕೊನೆಯಿಂದ ಆ ಎಕ್ಸ್‌ಚೇಂಜ್ ತನ್ನಲ್ಲಿಗೆ ಬಂದ ಯುಎಸ್‌ಡಿಸಿಯನ್ನು ತಾನಾಗಿಯೇ ತನ್ನ ಹೆಸರಿನ ಬಿಯುಎಸ್‌ಡಿ ಎಂಬ ಕಾಯಿನ್‌ಗೆ ಒಂದಕ್ಕೊಂದರಂತೆ ಬದಲಿಸುತ್ತಿತ್ತು. ಹೊರಗೆ ಯುಎಸ್‌ಡಿಸಿಯ ಬೆಲೆ ಬೀಳುತ್ತಿರುವಾಗ ಇಲ್ಲಿ ಕಳಿಸಿದರೆ ಪೂರ್ತಿ ಒಂದು ಡಾಲರ್ ಬೆಲೆ ಸಿಗುತ್ತದೆ. ಸಹಜವಾಗಿಯೇ ಯುಎಸ್‌ಡಿಸಿ ಅಲ್ಲಿಗೆ ನುಗ್ಗಿತು. ಸ್ವಲ್ಪ ಹೊತ್ತಿನಲ್ಲೇ ಬೈನಾನ್ಸ್ ಬದಲಾವಣೆಯನ್ನು ತಡೆಹಿಡಿಯಿತು. ಭಾರಿ ಒಳಹರಿವು ಮತ್ತು ಬದಲಿಸಿಕೊಡುವ ಹೊರೆ ಹೆಚ್ಚಿದ್ದು ಕಾರಣವೆಂದು ತಾನೇ ಹೇಳಿತು. ಶನಿವಾರ ಯುಎಸ್‌ಡಿಸಿಯ ಬೆಲೆ 88 ಸೆಂಟ್‌ಗಳ ಆಸುಪಾಸಿಗೆ ಇಳಿಯಿತು.

ಆ ಶನಿವಾರ ಬರೀ ಒಳಹರಿವಿನ ನಕ್ಷೆಯನ್ನು ನೋಡಿದವರಿಗೆ ಎಕ್ಸ್‌ಚೇಂಜ್‌ಗಳ ಬಾಗಿಲಲ್ಲಿ ಡಾಲರ್‌ಗಳ ಜಾತ್ರೆ ನೆರೆದಂತೆ ಕಂಡಿರಬೇಕು. ಬಂದವರ ಗುರಿ ಕೈಯಲ್ಲಿದ್ದ ಕಾಯಿನ್‌ನಿಂದ ಬಿಡಿಸಿಕೊಳ್ಳುವುದಾಗಿತ್ತು. ಅವರು ಮಾರಲು ಬಂದ ಸರಕು ಯುಎಸ್‌ಡಿಸಿಯೇ.

ಲೆಕ್ಕ ಎಷ್ಟು ದಾರಿತಪ್ಪುತ್ತದೆಂಬುದನ್ನು ಒಂದು ಕಲ್ಪಿತ ಖಾತೆಯಿಂದ ನೋಡಬಹುದು. ಒಬ್ಬ ವ್ಯಾಪಾರಿ ಹತ್ತು ಲಕ್ಷ ಯುಎಸ್‌ಡಿಸಿಯನ್ನು ಎಕ್ಸ್‌ಚೇಂಜ್‌ಗೆ ಕಳಿಸಿ, ತಲಾ 90 ಸೆಂಟ್‌ನಂತೆ ಮಾರಿ, ಒಂಬತ್ತು ಲಕ್ಷ ಯುಎಸ್‌ಡಿಟಿ ಪಡೆದು, ಅದನ್ನು ತಕ್ಷಣ ತನ್ನ ಸ್ವಂತ ವಾಲೆಟ್‌ಗೆ ಒಯ್ದನೆನ್ನಿ. ಸ್ಟೇಬಲ್‌ಕಾಯಿನ್ ಒಂದಕ್ಕೆ ಒಂದು ಡಾಲರ್ ಎಂದೇ ಎಣಿಸುವ ನಕ್ಷೆಯಲ್ಲಿ ಹತ್ತು ಲಕ್ಷ ಒಳಗೆ, ಒಂಬತ್ತು ಲಕ್ಷ ಹೊರಗೆ; ಕೊಳ್ಳುವ ಶಕ್ತಿ ಒಂದು ಲಕ್ಷ ಹೆಚ್ಚಿತು ಎಂದು ಬರುತ್ತದೆ. ಪೇಟೆಯ ಬೆಲೆಯಲ್ಲಿ ನೋಡಿದರೆ ಒಳಬಂದದ್ದೂ ಒಂಬತ್ತು ಲಕ್ಷ, ಹೊರಹೋದದ್ದೂ ಒಂಬತ್ತು ಲಕ್ಷ. ಹೆಚ್ಚಿದ್ದು ಏನೂ ಇಲ್ಲ. ಅಷ್ಟೇ ಅಲ್ಲ, ಎಲ್ಲರೂ ನಂಬುತ್ತಿದ್ದ ಯುಎಸ್‌ಡಿಟಿ ಎಕ್ಸ್‌ಚೇಂಜ್ ಬಿಟ್ಟು ಹೋಗಿ, ಯಾರಿಗೂ ಬೇಡವಾಗಿದ್ದ ಯುಎಸ್‌ಡಿಸಿ ಅಲ್ಲಿ ಉಳಿಯಿತು. ಒಂದು ಬಿಟ್‌ಕಾಯಿನ್ ಕೂಡ ಕೈ ಬದಲಾಗಲಿಲ್ಲ.

ಕಥೆ ಅಲ್ಲಿಗೆ ನಿಂತಿದ್ದರೆ ಈ ಅಳತೆಗೋಲನ್ನು ಎಸೆದುಬಿಡಬಹುದಿತ್ತು. ಭಾನುವಾರ ಸಂಜೆ ಅಮೆರಿಕದ ಖಜಾನೆ, ಫೆಡರಲ್ ರಿಸರ್ವ್ ಮತ್ತು ಠೇವಣಿ ವಿಮಾ ನಿಗಮ ಜಂಟಿಯಾಗಿ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಎಲ್ಲ ಠೇವಣಿಗಳಿಗೂ ಭರವಸೆ ಕೊಟ್ಟವು. ಯುಎಸ್‌ಡಿಸಿ ಒಂದು ಡಾಲರ್‌ನತ್ತ ಮರಳಿತು. ಶುಕ್ರವಾರ 20,000ಕ್ಕಿಂತ ಕೆಳಗಿಳಿದಿದ್ದ ಬಿಟ್‌ಕಾಯಿನ್ ಸೋಮವಾರ 24,000 ದಾಟಿತು. ಗೆರೆಗಳನ್ನು ಮಾತ್ರ ನೋಡುವವರಿಗೆ ಇದು ಶಾಸ್ತ್ರೋಕ್ತವಾದ ಸಾಕ್ಷಿ: ಶನಿವಾರ ಒಳಹರಿವು, ಸೋಮವಾರ ಏರಿಕೆ! ಆದರೆ ಏರಿಕೆಗೆ ಸರ್ಕಾರದ ಭರವಸೆ ಮತ್ತು ಬ್ಯಾಂಕುಗಳ ಮೇಲೆ ಹುಟ್ಟಿದ ಅಪನಂಬಿಕೆ ಎರಡೂ ಕಾರಣವಾಗಿದ್ದವು.

ಅದೇ ಸೋಮವಾರ ಕೊಳ್ಳುವ ಶಕ್ತಿ ನಿಜವಾಗಿಯೂ ಖರೀದಿಯಾಗಿ ಬದಲಾದ ಒಂದು ಪ್ರಸಂಗವೂ ನಡೆಯಿತು. ಬೈನಾನ್ಸ್ ಮುಖ್ಯಸ್ಥ ಚಾಂಗ್‌ಪೆಂಗ್ ಝಾವ್, ಉದ್ಯಮದ ಪುನಶ್ಚೇತನಕ್ಕೆಂದು ಇಟ್ಟಿದ್ದ ನಿಧಿಯಲ್ಲಿ ಉಳಿದ ಸುಮಾರು 100 ಕೋಟಿ ಡಾಲರ್ ಬಿಯುಎಸ್‌ಡಿಯನ್ನು ಬಿಟ್‌ಕಾಯಿನ್, ಈಥರ್, ಬಿಎನ್‌ಬಿ ಮುಂತಾದವುಗಳಿಗೆ ಬದಲಿಸುವುದಾಗಿ ಪ್ರಕಟಿಸಿದರು. ಆ ಹಣ ವಾರಾಂತ್ಯದ ಒಳಹರಿವಿನಲ್ಲಿ ಬಂದದ್ದಲ್ಲ, ತಿಂಗಳುಗಳಿಂದ ಕದಲದೆ ಕುಳಿತಿದ್ದು. ನುಗ್ಗಿ ಬಂದ ಹಣ ಬಿಟ್‌ಕಾಯಿನ್ ಅರಸಿ ಬಂದಿರಲಿಲ್ಲ, ಕದಲದೆ ಕುಳಿತ ಹಣ ಕೊಂಡಿತು.

ಮುಂದಿನ ತಿಂಗಳುಗಳಲ್ಲಿ ಗಿರಾಕಿಗಳು ಯುಎಸ್‌ಡಿಸಿಯನ್ನು ಕೊಟ್ಟು ಡಾಲರ್ ಪಡೆಯುತ್ತಲೇ ಹೋದರು. ಬಿಕ್ಕಟ್ಟಿನ ಮುನ್ನ 4,300 ಕೋಟಿಯಷ್ಟಿದ್ದ ಕಾಯಿನ್ ಆ ವರ್ಷದ ಕೊನೆಗೆ 2,400 ಕೋಟಿಯ ಸುತ್ತ ಉಳಿಯಿತು. ಅದೇ ವರ್ಷ ಬಿಟ್‌ಕಾಯಿನ್ ಬೆಲೆ ಸುಮಾರು ಎರಡೂವರೆ ಪಟ್ಟಾಯಿತು. ಯುಎಸ್‌ಡಿಸಿಯೊಂದನ್ನೇ ನೋಡುತ್ತಿದ್ದವರು ಆ ಏರಿಕೆಯನ್ನು ನಂಬಲಾರದೆ ಹೋಗುತ್ತಿದ್ದರು.

ಹೊಸ ಟೋಕನ್ ಸೃಷ್ಟಿಯ ಸುದ್ದಿಯನ್ನೂ ಇಷ್ಟೇ ಎಚ್ಚರದಿಂದ ಓದಬೇಕು. “ಟೆದರ್ 100 ಕೋಟಿ ಡಾಲರ್ ಅಚ್ಚುಹಾಕಿತು” ಎಂಬ ಸುದ್ದಿ ಆಗಾಗ ಹರಿದಾಡುತ್ತದೆ. ಟೆದರ್‌ನ ಮುಖ್ಯಸ್ಥ ಪಾವೊಲೊ ಅರ್ಡೊಯಿನೊ ಇದಕ್ಕೆ ಹಲವು ಬಾರಿ ವಿವರಣೆ ಕೊಟ್ಟಿದ್ದಾರೆ: ಇವುಗಳಲ್ಲಿ ಹೆಚ್ಚಿನವು ದಾಸ್ತಾನಿಗೆ ಮಾಡಿಟ್ಟ ಟೋಕನ್‌ಗಳು, ಮುಂದೆ ಬೇಡಿಕೆ ಬಂದಾಗ ಕೊಡಲು ಕಂಪನಿಯ ಬಳಿಯೇ ಇರುತ್ತವೆ. ಇನ್ನು ಕೆಲವು ಸಲ ಎಕ್ಸ್‌ಚೇಂಜ್‌ ಒಂದರ ಬಳಿ ಟ್ರಾನ್ ಜಾಲದಲ್ಲಿ ಯುಎಸ್‌ಡಿಟಿ ಹೆಚ್ಚಾಗಿ ಇಥೀರಿಯಂ ಜಾಲದಲ್ಲಿ ಕಡಿಮೆ ಬಿದ್ದಿರುತ್ತದೆ. ಆಗ ಒಂದು ಕಡೆ ಹಿಂದೆ ಪಡೆದು ಇನ್ನೊಂದು ಕಡೆ ಅಷ್ಟೇ ಮೊತ್ತ ಕೊಡುತ್ತಾರೆ. ಇಥೀರಿಯಂ ಒಂದನ್ನೇ ನೋಡುವವರಿಗೆ 100 ಕೋಟಿಯ ಹೊಸ ಒಳಹರಿವು ಕಾಣುತ್ತದೆ, ಜಗತ್ತಿನಲ್ಲಿ ಒಂದು ಯುಎಸ್‌ಡಿಟಿಯೂ ಹೆಚ್ಚಿರುವುದಿಲ್ಲ.

ಒಪ್ಪಂದಕ್ಕೆ ಕಟ್ಟುಬಿದ್ದು ಕೂರುವ ಹಣವೂ ಇದೆ. ಸರ್ಕಲ್ ಕಂಪನಿ 2025ರಲ್ಲಿ ಷೇರು ಪೇಟೆಗೆ ಬರುವ ಮುನ್ನ ಸಲ್ಲಿಸಿದ ದಾಖಲೆಯಲ್ಲಿ ಒಂದು ವಿಷಯ ಬಯಲಾಯಿತು. ಯುಎಸ್‌ಡಿಸಿಯನ್ನು ಬೆಳೆಸಲು 2024ರ ಕೊನೆಯಲ್ಲಿ ಬೈನಾನ್ಸ್ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಅದು 6.025 ಕೋಟಿ ಡಾಲರ್ ಮುಂಗಡ ಕೊಟ್ಟಿತ್ತು. ಬೈನಾನ್ಸ್ ತನ್ನ ಸ್ವಂತ ಖಜಾನೆಯಲ್ಲಿ ದೊಡ್ಡ ಮೊತ್ತದ ಯುಎಸ್‌ಡಿಸಿ ಇಟ್ಟುಕೊಳ್ಳಲು ಒಪ್ಪಿತ್ತು. ಹೀಗೆ ಇಟ್ಟುಕೊಂಡ ಕಾಯಿನ್ ಎಕ್ಸ್‌ಚೇಂಜ್ ಶೇಖರಣೆಯ ಲೆಕ್ಕದೊಳಗೆ ಸೇರಿಕೊಂಡರೆ ಅದನ್ನು ಗಿರಾಕಿಗಳ ಕೊಳ್ಳುವ ಹಂಬಲವೆಂದು ಓದುವುದು ತಪ್ಪಾಗುತ್ತದೆ.

ಕಾಣಿಸುವ ಹಣದ ಮಾತು ಹೀಗಾದರೆ, ಕಾಣಿಸದ ಹಣ ಇನ್ನೊಂದು ಕಡೆ. 2024ರ ಜನವರಿ 11ರಿಂದ ಅಮೆರಿಕದಲ್ಲಿ ಸ್ಪಾಟ್ ಬಿಟ್‌ಕಾಯಿನ್ ಇಟಿಎಫ್‌ಗಳ ವಹಿವಾಟು ಶುರುವಾಯಿತು. ಅಲ್ಲಿನ ಹೂಡಿಕೆದಾರರು ಷೇರು ದಲ್ಲಾಳಿಯ ಮೂಲಕ ಬ್ಯಾಂಕಿನ ಡಾಲರ್ ಕೊಟ್ಟು ಕೊಳ್ಳುತ್ತಾರೆ. ಅವರ ಹಣ ಸ್ಟೇಬಲ್‌ಕಾಯಿನ್ ಆಗುವುದೇ ಇಲ್ಲ. ದಕ್ಷಿಣ ಕೊರಿಯಾದ ಅಪ್‌ಬಿಟ್‌ನಲ್ಲಿ ಜನ ತಮ್ಮ ನಾಣ್ಯವಾದ ವಾನ್ ಕೊಟ್ಟು ಕೊಳ್ಳುತ್ತಾರೆ. ಭಾರತದಲ್ಲಿ ಶೇ 30ರ ತೆರಿಗೆ ಮತ್ತು ಪ್ರತಿ ವಹಿವಾಟಿಗೆ ಶೇ 1ರ ಟಿಡಿಎಸ್ ಬಂದ ಮೇಲೂ ದೇಶೀ ಎಕ್ಸ್‌ಚೇಂಜ್‌ಗಳಿಗೆ ರೂಪಾಯಿ ಹೋಗುವುದು ಬ್ಯಾಂಕ್ ಖಾತೆಗಳ ಮೂಲಕವೇ. ಬೆಂಗಳೂರಿನ ಉದ್ಯೋಗಿಯೊಬ್ಬ ತಿಂಗಳ ಮೊದಲ ವಾರ ಐದು ಸಾವಿರ ರೂಪಾಯಿಯ ಬಿಟ್‌ಕಾಯಿನ್ ಕೊಂಡರೆ ಅವನ ಕೊಳ್ಳುವ ಶಕ್ತಿ ಯಾವ ಬ್ಲಾಕ್‌ಚೈನ್ ನಕ್ಷೆಗೂ ಕಾಣಿಸುವುದಿಲ್ಲ.

ಕಾಣಿಸಿದರೂ ಬೇರೆ ವೇಷದಲ್ಲಿ. 2025ರ ಜುಲೈನಲ್ಲಿ ಭಾರತದ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾದಾಗ, ಕಳುವಾದದ್ದು ಗಿರಾಕಿಗಳ ಹಣವಲ್ಲ, ಪಾಲುದಾರ ಎಕ್ಸ್‌ಚೇಂಜ್ ಒಂದರಲ್ಲಿ ವಹಿವಾಟು ಸರಾಗವಾಗಿಸಲು ಇಟ್ಟಿದ್ದ ಕಂಪನಿಯ ಖಾತೆಯದು ಎಂದು ಅದು ಹೇಳಿತು. ಎಕ್ಸ್‌ಚೇಂಜ್‌ಗಳು ತಮ್ಮ ದೈನಂದಿನ ವ್ಯವಹಾರಕ್ಕಾಗಿ ಒಂದರಲ್ಲೊಂದು ಹೀಗೆ ಹಣ ಇಡುತ್ತವೆ ಎಂಬುದು ಆ ಕಹಿ ಘಟನೆಯಿಂದ ಸಾರ್ವಜನಿಕರಿಗೂ ತಿಳಿಯಿತು. ಇಂಥ ಖಾತೆಗಳಿಗೆ ಗುರುತು ಬಿದ್ದಿರದಿದ್ದರೆ ಅಲ್ಲಿಂದ ಹೊರಟ ಪ್ರತಿ ಮೊತ್ತವೂ ಹೊರಗಿನ ಖರೀದಿದಾರನ ಒಳಹರಿವಾಗಿ ಎಣಿಕೆಯಾಗುತ್ತದೆ.

ಇಷ್ಟೆಲ್ಲ ಮಿತಿಗಳಿದ್ದರೂ ಈ ಅಳತೆಯನ್ನು ಬಿಟ್ಟುಬಿಡಬೇಕಿಲ್ಲ. ಅದರ ಜೊತೆಗೆ ಬೇರೆ ನಾಲ್ಕು ಸಂಗತಿಗಳನ್ನು ಕೇಳಿದರೆ ಅದು ಉಪಯೋಗಕ್ಕೆ ಬರುತ್ತದೆ. ಬಂದ ಕಾಯಿನ್‌ನ ಬೆಲೆ ಆ ಹೊತ್ತಿಗೆ ಒಂದು ಡಾಲರ್ ಇದೆಯೇ? 2023ರ ಮಾರ್ಚ್‌ನ ಮೋಸವನ್ನು ಈ ಒಂದೇ ಪ್ರಶ್ನೆ ತಡೆಯುತ್ತಿತ್ತು. ಬೇಡಿಕೆಯಿಂದ ಬಂದ ಒಳಹರಿವಾದರೆ ಕಾಯಿನ್‌ನ ಬೆಲೆ ಡಾಲರ್‌ಗೆ ಸರಿಯಾಗಿ ಅಥವಾ ಕೂದಲೆಳೆಯಷ್ಟು ಮೇಲಿರುತ್ತದೆ. ಒಂದೇ ಎಕ್ಸ್‌ಚೇಂಜ್‌ಗೆ, ಒಂದೇ ಗುಡ್ಡೆಯಾಗಿ ಬಂತೇ, ಹಲವು ಎಕ್ಸ್‌ಚೇಂಜ್‌ಗಳಿಗೆ ಸಾವಿರಾರು ಸಣ್ಣ ಮೊತ್ತಗಳಾಗಿ ಬಂತೇ? ಯುಎಸ್‌ಡಿ1ರ 200 ಕೋಟಿ ಈ ಪರೀಕ್ಷೆಯಲ್ಲಿ ಕೂಡಲೇ ಸಿಕ್ಕಿಬೀಳುತ್ತಿತ್ತು. ಹಣ ಹೋದದ್ದು ನೇರ ಖರೀದಿಯೇ ಹೆಚ್ಚಿರುವ ಎಕ್ಸ್‌ಚೇಂಜ್‌ಗೋ, ಫ್ಯೂಚರ್ಸ್ ಪಂಥವೇ ಹೆಚ್ಚಿರುವ ಕಡೆಗೋ? ಫ್ಯೂಚರ್ಸ್‌ನಲ್ಲಿ ಏರಿಕೆಯ ಪಂಥದವರು ಇಳಿಕೆಯವರಿಗೆ ಶುಲ್ಕ ತೆರುತ್ತಿದ್ದಾರೋ, ಇಳಿಕೆಯವರೇ ತೆರುತ್ತಿದ್ದಾರೋ ಎಂಬುದನ್ನು ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆ ಲೆಕ್ಕವಾಗುವ ಫಂಡಿಂಗ್ ದರ ಹೇಳುತ್ತದೆ. ಕೊನೆಯದಾಗಿ, ಅದೇ ದಿನಗಳಲ್ಲಿ ಎಕ್ಸ್‌ಚೇಂಜ್‌ಗಳಿಂದ ಬಿಟ್‌ಕಾಯಿನ್ ಹೊರಹೋಗುತ್ತಿದೆಯೇ? ಕೊಂಡವರು ಅದನ್ನು ತಮ್ಮ ವಾಲೆಟ್‌ಗೆ ಒಯ್ಯುತ್ತಿದ್ದರೆ ಬಂದ ಹಣ ನಿಜಕ್ಕೂ ಖರೀದಿಯಾಯಿತೆಂದು ಹೆಚ್ಚು ಧೈರ್ಯದಿಂದ ಹೇಳಬಹುದು.

ಅವಧಿಯ ಆಯ್ಕೆಯೂ ಮುಖ್ಯ. ಒಂದು ದಿನದ ಒಳಹರಿವಿನಲ್ಲಿ ಗದ್ದಲವೇ ಹೆಚ್ಚು. ವಾಲೆಟ್‌ನಿಂದ ವಾಲೆಟ್‌ಗೆ ಎಕ್ಸ್‌ಚೇಂಜ್ ತನ್ನದೇ ಹಣವನ್ನು ಜರುಗಿಸಿದರೂ ಗೆರೆ ಜಿಗಿಯುತ್ತದೆ. ವಾರಗಟ್ಟಲೆ, ಹಲವು ಕಾಯಿನ್‌ಗಳಲ್ಲಿ, ಹಲವು ಎಕ್ಸ್‌ಚೇಂಜ್‌ಗಳಲ್ಲಿ ಒಟ್ಟಾಗಿ ಕಾಣುವ ಏರಿಕೆಗೆ ಹೆಚ್ಚು ತೂಕವಿದೆ. ಆಗಲೂ ಅದರಿಂದ ತಿಳಿಯುವುದು ಪೇಟೆಯಲ್ಲಿ ಎಷ್ಟು ಹಣ ಕೈಗೆಟಕುವಂತಿದೆ ಎಂಬುದಷ್ಟೇ. ಬೆಲೆ ಎಂದು ಏರೀತು ಎಂಬುದು ಅದರಿಂದ ತಿಳಿಯುವುದಿಲ್ಲ. ಅದನ್ನೇ ಆಧಾರ ಮಾಡಿಕೊಂಡು ಇಂದೇ ಕೊಳ್ಳಿ ಎಂದು ಕೂಗುವ ವಿಡಿಯೊಗಳನ್ನು ನೋಡಿ ಜನ ತಮ್ಮ ಉಳಿತಾಯ ಕಳೆದುಕೊಳ್ಳಬಾರದು.

ಹಳೆಯ ನಕ್ಷೆಗಳನ್ನು ತೋರಿಸಿ ಈ ಸೂಚಕ ಎಷ್ಟು ಸಲ ನಿಜವಾಯಿತು ನೋಡಿ ಎನ್ನುವವರಿಗೆ ಕೇಳಬೇಕಾದ ಪ್ರಶ್ನೆಯೂ ಒಂದಿದೆ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ದಿವಾಳಿಯಾದಾಗ ಗಿರಾಕಿಗಳ ನಂಬಿಕೆ ಉಳಿಸಿಕೊಳ್ಳಲು ಬೈನಾನ್ಸ್ ಸೇರಿದಂತೆ ಹಲವು ಎಕ್ಸ್‌ಚೇಂಜ್‌ಗಳು ತಮ್ಮ ವಾಲೆಟ್ ವಿಳಾಸಗಳನ್ನು ತಾವೇ ಪ್ರಕಟಿಸಿದವು. ಹೀಗೆ ಹೊಸ ವಿಳಾಸಗಳು ಗೊತ್ತಾದಾಗ ಮಾಹಿತಿ ಸಂಸ್ಥೆಗಳು ಅವುಗಳಿಗೆ ಗುರುತು ಹಾಕಿ ಹಿಂದಿನ ದಿನಗಳ ಲೆಕ್ಕವನ್ನೂ ತಿದ್ದುತ್ತವೆ. ಆದ್ದರಿಂದ 2021ರ ಒಂದು ದಿನದ ಶೇಖರಣೆ ಎಂದು ಇಂದು ತೆರೆಯ ಮೇಲೆ ಕಾಣುವ ಅಂಕಿ, ಆ ದಿನ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದವರ ಮುಂದೆ ಇದ್ದ ಅಂಕಿಯೇ ಆಗಿರಬೇಕೆಂದೇನಿಲ್ಲ. ಸೂಚಕವನ್ನು ಪ್ರಾಮಾಣಿಕವಾಗಿ ಪರೀಕ್ಷಿಸಲು ಬಯಸುವವರು ಪ್ರತಿದಿನ ಕಂಡ ಅಂಕಿಯನ್ನು ಅಂದೇ ತಾರೀಖಿನೊಂದಿಗೆ ಬರೆದಿಟ್ಟುಕೊಂಡು, ಆರು ತಿಂಗಳ ನಂತರ ಅದೇ ದಿನಗಳಿಗೆ ನಕ್ಷೆ ಏನು ಹೇಳುತ್ತದೆಂದು ಹೋಲಿಸಿ ನೋಡಬೇಕಾಗುತ್ತದೆ.